ಒಂದು ಪ್ಯಾಲೆಟ್ ಕಮ್ಮಿ

ದೋಸೆ ತವಾ, ನಾನ್‌ಸ್ಟಿಕ್, 28 ಸೆಂಟಿಮೀಟರ್. ಸಿಸ್ಟಮ್‌ನಲ್ಲಿ 1,440. ಎಣಿಸಿದರೆ 1,296.

ಮುನಿರಾಜು ಬೇರೆ ಇಬ್ಬರು ಹುಡುಗರನ್ನು ಕಳಿಸಿ ಇನ್ನೊಮ್ಮೆ ಎಣಿಸಿದ. ಅದೇ 1,296. ಅಂದರೆ 144 ಕಮ್ಮಿ. ಗಂಟೆ ಆಗಲೇ ಹನ್ನೆರಡೂವರೆ.

ಬೇರೆ ದಿನವಾಗಿದ್ದರೆ ಲೆಕ್ಕ ಬರೆದಿಟ್ಟು ಬೆಳಗಿನ ಪಾಳಿಗೆ ಬಿಡಬಹುದಿತ್ತು. ಆದರೆ ಅವತ್ತು ಮಹಾಲಯ ಅಮಾವಾಸ್ಯೆ. ಮರುದಿನ ರಾತ್ರಿ ದಸರಾ ಸೇಲ್ ಶುರು. ಬೆಳಿಗ್ಗೆ ಐದಕ್ಕೆ ಸ್ಟಾಕ್ ಲಾಕ್ ಆಗುತ್ತದೆ. ಆಮೇಲೆ ಸಿಸ್ಟಮ್‌ನಲ್ಲಿ ಏನಿದೆಯೋ ಅಷ್ಟನ್ನು ಮಾರುತ್ತಾರೆ. ಇಲ್ಲದ ತವಾ ಕೊಂಡ 144 ಮನೆಗೆ 'ನಿಮ್ಮ ಆರ್ಡರ್ ರದ್ದಾಗಿದೆ' ಅಂತ ಮೆಸೇಜ್ ಹೋಗುತ್ತದೆ. ಬೈಗುಳ ಕಾಲ್ ಸೆಂಟರ್‌ನವರಿಗೆ, ಮೆಮೊ ಗೋದಾಮಿನವರಿಗೆ.

ಮಾಲೂರಿನ ಕಡೆ ಮೊದಲು ಹೆಂಚಿನ ಕಾರ್ಖಾನೆಗಳದ್ದೇ ಹೆಸರು. ಈಗ ರಸ್ತೆ ಪಕ್ಕ ಎಲ್ಲಿ ನೋಡಿದರೂ ನೀಲಿ ಶೀಟಿನ ಗೋದಾಮು. ಆ ಗೋದಾಮುಗಳಿಗೆ ಈ ವಾರ ಅತಿ ಕಷ್ಟದ ವಾರ. ಲಾರಿ ಜಾಸ್ತಿ, ಕೈ ಕಮ್ಮಿ. ಪಿತೃಪಕ್ಷ ಅಂತ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಹಿರಿಯರಿಗೆ ಎಡೆ ಇಡಬೇಕು ಅಂದವರಿಗೆ ರಜೆ ಇಲ್ಲ ಅನ್ನೋಕೆ ಯಾವ ಸೂಪರ್‌ವೈಸರ್‌ಗೂ ಬಾಯಿ ಬರೋದಿಲ್ಲ.

ಮ್ಯಾನೇಜರ್‌ಗೆ ಫೋನ್ ಮಾಡಿದ. ಎರಡನೇ ಸಲಕ್ಕೆ ಎತ್ತಿದರು.

"144 ಅಂದ್ರೆ ಎಷ್ಟು ಪೆಟ್ಟಿಗೆ?"

"ಪೆಟ್ಟಿಗೆಗೆ ಹನ್ನೆರಡು ಸಾರ್. ಹನ್ನೆರಡು ಪೆಟ್ಟಿಗೆ."

"ಪ್ಯಾಲೆಟ್‌ಗೆ ಎಷ್ಟು ಪೆಟ್ಟಿಗೆ ಇಡ್ತೀರಿ?"

"ಅದೂ ಹನ್ನೆರಡೇ."

"ಇನ್ನೇನ್ರೀ ಮತ್ತೆ! ಪೂರ್ತಿ ಒಂದು ಪ್ಯಾಲೆಟ್ ಎತ್ತಿದ್ದಾರೆ. ಮೊನ್ನೆ ಅನ್‌ಲೋಡ್‌ಗೆ ಯಾರಿದ್ರು?"

ಮುನಿರಾಜು ಒಂದು ಕ್ಷಣ ಸುಮ್ಮನಿದ್ದ. "ಹನುಮಂತ ಇದ್ದ ಸಾರ್. ರಾಯಚೂರಿನ ಹುಡುಗ. ಹಬ್ಬಕ್ಕೆ ಊರಿಗೆ ಹೋಗಿದ್ದಾನೆ."

"ಫೋನ್ ಮಾಡಿದ್ರಾ?"

"ಸ್ವಿಚ್ ಆಫ್ ಬರ್ತಿದೆ."

"ಸರಿ ಹೋಯ್ತು. ಕಳವು ಅಂತ ಹಾಕಿ, ಅವನ ಹೆಸರು ಬರೀರಿ. ನಾನು ಅಪ್ರೂವ್ ಮಾಡ್ತೀನಿ. ಐದರ ಒಳಗೆ ಮುಗಿಸಿ."

ಸಿಸ್ಟಮ್‌ನಲ್ಲಿ ಕಾರಣಕ್ಕೆ ಒಂದು ಪಟ್ಟಿ ಇದೆ. ಹಾಳಾಗಿದೆ, ತಪ್ಪು ಜಾಗ, ಇನ್‌ವರ್ಡ್ ತಪ್ಪು, ಕಳವು. ಒಂದನ್ನು ಒತ್ತಿದರೆ ಮುಗೀತು. ಕಳವು ಅಂದರೆ ಮಾತ್ರ ಹೆಸರು ಕೇಳುತ್ತದೆ. ಗುತ್ತಿಗೆ ಹುಡುಗನ ಹೆಸರು ಒಮ್ಮೆ ಅಲ್ಲಿ ಸೇರಿದರೆ ಏಜೆನ್ಸಿಯವರು ಮತ್ತೆ ಎಲ್ಲೂ ಕೆಲಸಕ್ಕೆ ಹಾಕೋದಿಲ್ಲ. ಮುನಿರಾಜು ಅದನ್ನು ಒತ್ತಲಿಲ್ಲ. ಹುಡುಗ ಒಳ್ಳೆಯವನು ಅನ್ನೋದಕ್ಕಿಂತ, ಲೆಕ್ಕ ಸರಿಯಾಗಿ ಕೂರುತ್ತಿರಲಿಲ್ಲ. ಗೋದಾಮಿನಲ್ಲಿ ಕದಿಯುವವರು ಒಂದೊಂದೇ ಕದಿಯುತ್ತಾರೆ. ಅದೂ ಮೊಬೈಲ್, ಟ್ರಿಮ್ಮರ್, ಸೆಂಟ್ ಬಾಟಲಿ. ಒಂದು ಪ್ಯಾಲೆಟ್ ದೋಸೆ ತವಾ ಸಾಗಿಸೋಕೆ ಟಾಟಾ ಏಸ್ ಬೇಕು, ಗೇಟ್ ಪಾಸ್ ಬೇಕು. ಕದ್ದು ಮಾಡೋದಾದರೂ ಏನು, ಹೋಟೆಲ್ ಇಡೋದಾ?

ಗೇಟಿಗೆ ಹೋದ. ವೆಂಕಟೇಶಪ್ಪ ಮಫ್ಲರ್ ಸುತ್ತಿಕೊಂಡು ಕೂತಿದ್ದರು.

"ಅಣ್ಣಾ, ಮೊನ್ನೆ ತವಾ ಲಾರಿದು ಎಂಟ್ರಿ ತೋರಿಸಿ."

ಅವರು ರಿಜಿಸ್ಟರ್ ತಿರುವಿದರು. ಒಳಗೆ 120 ಪೆಟ್ಟಿಗೆ. ಆಮೇಲೆ ತವಾ ಅನ್ನೋ ಹೆಸರಲ್ಲಿ ಹೊರಗೆ ಏನೂ ಹೋಗಿಲ್ಲ. ಇನ್‌ವಾಯ್ಸ್ ಇದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು. ಅದು ಅಕೌಂಟ್ಸ್‌ನವರ ಬೀರುವಿನಲ್ಲಿ. ಬೀಗದ ಕೈ ಕೋಲಾರದಲ್ಲಿ, ಅವರ ಮನೆಯಲ್ಲಿ.

"ನನ್ನ ಗೇಟಲ್ಲಿ ಒಂದು ಪ್ಯಾಲೆಟ್ ಹೋಗೋಕೆ ನಾನೇನು ಸತ್ತಿದ್ನಾ?" ಅಂದರು ವೆಂಕಟೇಶಪ್ಪ. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು.

ಮುನಿರಾಜು ರ್‍ಯಾಕಿನ ಹತ್ತಿರ ವಾಪಸ್ ಬಂದ. ಸೇಲಿಗೆ ಅಂತ ಹಗಲು ಪಾಳಿಯವರು ಎಲ್ಲ ಪೆಟ್ಟಿಗೆ ಒಡೆದು ತವಾಗಳನ್ನು ಬಿಡಿಬಿಡಿಯಾಗಿ ಜೋಡಿಸಿದ್ದರು. ಪಿಕ್ ಮಾಡುವವರಿಗೆ ಅನುಕೂಲ, ನಿಜ. ಆದರೆ ಎಣಿಸೋಕೆ ಪೆಟ್ಟಿಗೆಯೇ ಇಲ್ಲ. ಸಾಲು ನೋಡುತ್ತಾ ನಿಂತ. ಒಂದು ಕಡೆ ಡಬ್ಬಗಳು ಒತ್ತೊತ್ತಾಗಿ ಕೂತಿದ್ದವು. ಇನ್ನೊಂದು ಕಡೆ ಅದೇ ಅಗಲದ ಜಾಗದಲ್ಲಿ ಕಮ್ಮಿ ಹಿಡಿದಿದ್ದವು. ಎರಡು ಕಡೆಯಿಂದ ಒಂದೊಂದು ತೆಗೆದು ನೆಲದ ಮೇಲೆ ಪಕ್ಕಪಕ್ಕ ಇಟ್ಟ. ಒಂದು ಡಬ್ಬ ಬೆರಳಿನಷ್ಟು ದಪ್ಪ. ಅಲ್ಲಾಡಿಸಿದ. ಒಳಗೆ ಏನೋ ಟಕಟಕ ಅಂತು. ಡಬ್ಬದ ಮೂಲೆಯಲ್ಲಿ ಹಳದಿ ಚೀಟಿ: ಹಬ್ಬದ ಕೊಡುಗೆ, ಮರದ ಮಗುಚುವ ಕೈ ಉಚಿತ. ಬಾರ್‌ಕೋಡ್ ಮಾತ್ರ ಎರಡಕ್ಕೂ ಒಂದೇ.

"ಚಲಪತಿ, ತವಾದ ಖಾಲಿ ಪೆಟ್ಟಿಗೆ ಎಲ್ಲಿ ಹಾಕಿದ್ದಾರೋ?"

ಚಲಪತಿ ರೀಚ್ ಟ್ರಕ್‌ನಿಂದಲೇ ಕೂಗಿದ. "ಸ್ಕ್ರ್ಯಾಪ್‌ಗೆ ಅಣ್ಣಾ. ಐದೂವರೆಗೆ ಗುಜರಿಯವನು ಬರ್ತಾನೆ."

ಹಿಂದಿನ ಶೆಡ್ಡಿನಲ್ಲಿ ರಟ್ಟು ಆಳೆತ್ತರ ಬಿದ್ದಿತ್ತು. ಕುಕ್ಕರಿನದು, ಫ್ಯಾನಿನದು, ಸೀರಿಯಲ್ ಸೆಟ್ಟಿನದು, ಎಲ್ಲ ಮಡಚಿ ಪಟ್ಟಿ ಬಿಗಿದ ಕಟ್ಟುಗಳು. ಇಬ್ಬರೂ ಮೊಬೈಲ್ ಟಾರ್ಚ್ ಹಿಡಿದು ಕಟ್ಟು ಬಿಚ್ಚತೊಡಗಿದರು. ತವಾದ ಮೊದಲ ರಟ್ಟು ಸಿಕ್ಕಿತು. ಮೇಲೆ ತವಾ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಮಾಣ, 12 ಎನ್. ಎರಡನೆಯದೂ 12. ಮೂರನೆಯದು, ಅದೇ ಅಳತೆ, ಅದೇ ಚಿತ್ರ, 10 ಎನ್.

"ಅಯ್ಯೋ ಇವರ!" ಅಂದ ಚಲಪತಿ.

ಮಗುಚುವ ಕೈ ಸೇರಿಸಿದ್ದಕ್ಕೆ ಡಬ್ಬ ದಪ್ಪ ಆಗಿದೆ. ಹಳೇ ಪೆಟ್ಟಿಗೆಯಲ್ಲಿ ಹತ್ತೇ ಹಿಡಿದಿದೆ. ಇಲ್ಲಿ ಇನ್‌ವರ್ಡ್‌ನವರು ಪೆಟ್ಟಿಗೆಗೆ ಒಂದು ಸಲ ಸ್ಕ್ಯಾನ್ ಹೊಡೆದಿದ್ದಾರೆ, ಸಿಸ್ಟಮ್ ತನಗೆ ಗೊತ್ತಿದ್ದ ಹನ್ನೆರಡರಿಂದ ಗುಣಿಸಿಕೊಂಡಿದೆ. ಹೊರಗೆ ಹನ್ನೊಂದು ಲಾರಿ ಕಾಯುತ್ತಿದ್ದಾಗ ಪೆಟ್ಟಿಗೆಯ ಬುಡದ ಅಕ್ಷರ ಯಾರು ಓದುತ್ತಾರೆ?

ಆದರೂ ಊಹೆ ಬರೆಯೋಕಾಗಲ್ಲ. ಎರಡು ರಾಶಿ ಮಾಡಿದರು. ನಡುವೆ ಮಳೆ ಹನಿಯಿತು, ರಾಶಿಗಳನ್ನು ಒಳಗೆ ಎಳೆದರು. ಎಲ್ಲ ಮುಗಿದಾಗ ನಾಲ್ಕು ಗಂಟೆ ಐದು ನಿಮಿಷ. ಹನ್ನೆರಡರದ್ದು 48 ರಟ್ಟು. ಹತ್ತರದ್ದು 72. ಒಟ್ಟು 120, ಗೇಟಿನ ಲೆಕ್ಕದಷ್ಟೇ. 48ಕ್ಕೆ 576, 72ಕ್ಕೆ 720. ಕೂಡಿದರೆ 1,296.

ಒಂದೂ ಹೋಗಿರಲಿಲ್ಲ. ಬಂದಿದ್ದೇ ಅಷ್ಟು.

ಫೋಟೊ ತೆಗೆದು ಮ್ಯಾನೇಜರ್‌ಗೆ ಕಳಿಸಿ ಫೋನ್ ಹಚ್ಚಿದ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇನ್‌ವರ್ಡ್ ತಪ್ಪು ಅಂತ ಹಾಕಿ" ಅಂದರು. ಹನುಮಂತನ ಮಾತು ಎತ್ತಲಿಲ್ಲ. ಮುನಿರಾಜುವೂ ಎತ್ತಲಿಲ್ಲ, ಎತ್ತಬೇಕಿತ್ತು ಅಂತ ಚಲಪತಿಯ ಅಭಿಪ್ರಾಯ. 4:20ಕ್ಕೆ ಸ್ಟಾಕ್ 1,296 ಆಯಿತು.

ಆದರೆ ಮುನಿರಾಜು ಕೂರಲಿಲ್ಲ. ಹಬ್ಬದ ಕೊಡುಗೆ ತವಾಕ್ಕೆ ಮಾತ್ರ ಯಾಕಿರುತ್ತೆ? ಹಳದಿ ಚೀಟಿ ಇರೋ ಡಬ್ಬ ಕಂಡಲ್ಲೆಲ್ಲ ನಿಲ್ಲಿಸಿ ಅಂತ ನಾಲ್ವರನ್ನು ರ್‍ಯಾಕುಗಳ ನಡುವೆ ಓಡಿಸಿದ. ಐದಕ್ಕೆ ಹತ್ತು ನಿಮಿಷ ಇರುವಾಗ ಇನ್ನೊಂದು ಸಿಕ್ಕಿತು. ಮೂರು ಲೀಟರ್ ಕುಕ್ಕರ್, ಜೊತೆಗೆ ಸ್ಟೀಲ್ ಡಬ್ಬಿ ಉಚಿತ. ಸಿಸ್ಟಮ್‌ನಲ್ಲಿ ಪೆಟ್ಟಿಗೆಗೆ ಆರು, ನಿಜಕ್ಕೂ ನಾಲ್ಕು. ಪುಣ್ಯಕ್ಕೆ ಅದು ಇನ್ನೂ ಒಡೆಯದ ಪೆಟ್ಟಿಗೆಗಳಲ್ಲೇ ಇತ್ತು. ಎಂಟು ನಿಮಿಷದಲ್ಲಿ ಎಣಿಸಿ ತಿದ್ದಿದರು.

ಐದೂವರೆಗೆ ಗುಜರಿ ಲಾರಿ ಬಂತು. ತವಾದ ರಟ್ಟು ಕೊಡೋದಿಲ್ಲ ಅಂದಾಗ ಗುಜರಿಯವನು ಜಗಳಕ್ಕೇ ನಿಂತ.

"ತೂಕ ಕಮ್ಮಿ ಆಗುತ್ತಲ್ಲ ಸ್ವಾಮಿ!"

"ಅಕೌಂಟ್ಸ್‌ನವರು ಬಂದು ಇನ್‌ವಾಯ್ಸ್ ಜೊತೆ ತಾಳೆ ನೋಡೋವರೆಗೂ ಅದು ಇಲ್ಲೇ ಇರುತ್ತೆ" ಅಂದ ಮುನಿರಾಜು. "ನಾಳೆ ಬಾ, ಕುಕ್ಕರ್ ರಟ್ಟೂ ಸೇರಿಸಿ ಕೊಡ್ತೀನಿ."