ವಿಷಯ: ಪ್ಲೇಟಿಂಗ್‌ಗೆ ಕಳಿಸಿದ ಮಾಲು ಎಷ್ಟು ವಾಪಸ್ ಬಂತು? 25 ಅಕ್ಟೋಬರ್ ಒಳಗೆ ಒಂದು ಸಲ ನೋಡೋಣವೇ

6 ಅಕ್ಟೋಬರ್ 2025, ಪಿಂಪ್ರಿ

ಪಾಟೀಲ ಸರ್, ನಮಸ್ಕಾರ.

ನನ್ನ ಹೆಸರು ಮಂಜುನಾಥ. ಪಿಂಪ್ರಿಯಲ್ಲಿ 'ಕಿರ್ದಿ' ಅನ್ನುವ ಲೆಕ್ಕದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಿಬ್ಬರಿಗೆ ಪರಿಚಯ ಇಲ್ಲ. ನಿಮ್ಮ ಮೇಲ್ ವಿಳಾಸ ನಿಮ್ಮ ವೆಬ್‌ಸೈಟಿನಲ್ಲೇ ಸಿಕ್ಕಿತು.

ದಸರಾಗೆ ಎರಡು ದಿನ ಮೊದಲು ಭೋಸರಿ ಎಂಐಡಿಸಿಯಲ್ಲಿ ನಿಮ್ಮ ಫ್ಯಾಕ್ಟರಿ ಮುಂದೆ ಹಾದು ಹೋದೆ. ಗೇಟಿನ ಮೇಲೆ ಮರಾಠಿ ಬೋರ್ಡು. ಅದರ ಕೆಳಗೆ ಸಣ್ಣಕ್ಷರದಲ್ಲಿ ಕನ್ನಡದಲ್ಲಿ 'ಶ್ರೀ ಬಸವೇಶ್ವರ ಪ್ರಸನ್ನ' ಅಂತ ಇತ್ತು. ಅದಕ್ಕೇ ಈ ಪತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಗ ಗೇಟಿನಲ್ಲಿ ಒಂದು ಟೆಂಪೋಗೆ ಶಾಫ್ಟ್ ತುಂಬಿದ ಕ್ರೇಟ್ ಏರಿಸುತ್ತಿದ್ದರು. ನಿಮ್ಮ ಹುಡುಗನೊಬ್ಬ ಚಲನ್ ಬುಕ್ಕನ್ನು ಸ್ಕೂಟರ್ ಸೀಟಿನ ಮೇಲೆ ಇಟ್ಟುಕೊಂಡು, ಕಾರ್ಬನ್ ಸರಿಮಾಡಿ, ಒತ್ತಿ ಒತ್ತಿ ಬರೆಯುತ್ತಿದ್ದ. ಡ್ರೈವರ್ ಅವಸರ ಮಾಡುತ್ತಿದ್ದ. ಹುಡುಗ ಒಂದು ಪ್ರತಿ ಹರಿದು ಕೊಟ್ಟ, ಟೆಂಪೋ ಹೋಯಿತು.

ಆ ಚಲನ್ ನನಗೆ ಚೆನ್ನಾಗಿ ಗೊತ್ತು. ಈ ಕೆಲಸಕ್ಕೆ ಬರುವ ಮೊದಲು ಆರು ವರ್ಷ ಭೋಸರಿಯಲ್ಲೇ ಒಂದು ಸಣ್ಣ ಮಷಿನ್ ಶಾಪಿನಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಒಂದು ಸಲ 600 ಶಾಫ್ಟ್ ಹಾರ್ಡ್ ಕ್ರೋಮ್‌ಗೆ ಹೋದವು. ವಾಪಸ್ ಬಂದದ್ದು ಮೂರು ಕಂತಿನಲ್ಲಿ: 250, ಆಮೇಲೆ 180, ಆಮೇಲೆ 122. ಹದಿನೆಂಟು ರಿಜೆಕ್ಷನ್ ಅಂತ ಯಾರೋ ಚಲನ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದರು. ಉಳಿದದ್ದು 30. ಅದು ಎಲ್ಲಿ ಹೋಯಿತು ಅಂತ ನಾವು ಕೇಳಿದ್ದು ಹನ್ನೊಂದು ತಿಂಗಳಾದ ಮೇಲೆ, ಸ್ಟಾಕ್ ಎಣಿಸುವಾಗ. 'ಅರ್ಜೆಂಟ್ ಇತ್ತು, ನಿಮ್ಮವರೇ ಸ್ಕೂಟರ್ ಮೇಲೆ ಬಂದು ಒಯ್ದರು' ಅಂದರು ಪ್ಲೇಟಿಂಗ್‌ನವರು. ಸ್ಟೋರ್ ನೋಡುತ್ತಿದ್ದವನು ಅಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಒಂದು ಶಾಫ್ಟಿಗೆ 640 ರೂಪಾಯಿಯಂತೆ 19,200 ರೂಪಾಯಿಯ ಮಾಲು. ಪ್ಲೇಟಿಂಗ್ ಬಿಲ್ ಮಾತ್ರ ಪೂರ್ತಿ 600ಕ್ಕೆ ಆಗಲೇ ಕೊಟ್ಟಾಗಿತ್ತು. ಬಿಲ್ ಪಾಸ್ ಮಾಡಿದವನು ನಾನೇ. ಮಾಲೀಕರು ಬೈಯಲಿಲ್ಲ. 'ಮುಂದೆ ಸರಿಯಾಗಿ ನೋಡ್ಕೊಳ್ರಿ' ಅಂದರು, ಅಷ್ಟೇ. ಆದರೆ ಹೇಗೆ ನೋಡಿಕೊಳ್ಳಬೇಕು ಅನ್ನುವುದಕ್ಕೆ ನನ್ನ ಹತ್ತಿರ ಆ ಚಲನ್ ಬುಕ್ ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಬರೆಯುತ್ತಿರುವುದು ಈ ಒಂದು ವಿಷಯಕ್ಕೇ. ಬೇರೆಯವರ ಜಾಗದಲ್ಲಿ ಬಿದ್ದಿರುವ ನಿಮ್ಮ ಮಾಲಿನ ಲೆಕ್ಕ.

ನಿಮ್ಮ ಸಿಎ ಇದನ್ನು ಹೇಳಿಯೇ ಇರುತ್ತಾರೆ. ಆದರೂ ಒಂದು ಕಡೆ ಬರೆದಿಡುತ್ತೇನೆ. ಜಾಬ್‌ವರ್ಕ್‌ಗೆ ಹೋದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಗಿರಾಕಿಗೆ ಹೋಗಬೇಕು. ಮಷಿನರಿ ಆದರೆ ಮೂರು ವರ್ಷ. ಜಿಗ್, ಫಿಕ್ಸ್ಚರ್, ಡೈಗಳಿಗೆ ಈ ಗಡುವು ಇಲ್ಲ. ಗಡುವು ಮೀರಿದರೆ, ಮಾಲು ಕಳಿಸಿದ ದಿನವೇ ಅದನ್ನು ಮಾರಿದಿರಿ ಅಂತ ಜಿಎಸ್‌ಟಿ ಕಾನೂನು ಲೆಕ್ಕ ಹಿಡಿಯುತ್ತದೆ. 2,40,000 ರೂಪಾಯಿಯ ಮಾಲು ಅಂದುಕೊಳ್ಳಿ. 18% ಅಂದರೆ 43,200 ರೂಪಾಯಿ ತೆರಿಗೆ. ಅದರ ಮೇಲೆ ಕಳಿಸಿದ ದಿನದಿಂದ ಬಡ್ಡಿ ಬೇರೆ. ಒಂದು ರೂಪಾಯಿ ಮಾರಾಟ ಇಲ್ಲ, ತೆರಿಗೆ ಮಾತ್ರ ಉಂಟು. ಇಲ್ಲಿ ಯಾರೂ ಮೋಸ ಮಾಡಿರುವುದಿಲ್ಲ. ಮೂರು ಕಂತಿನಲ್ಲಿ ಬಂದ ಮಾಲನ್ನು ಒಂದು ಚಲನ್‌ಗೆ ಸೇರಿಸಿ ನೋಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ, ಅಷ್ಟೇ.

ತಾರೀಖಿನ ಮಾತೂ ಇದೆ. ಹಿಂದಿನ ವರ್ಷ ನಿಮ್ಮ ವಹಿವಾಟು 5 ಕೋಟಿ ದಾಟಿದ್ದರೆ, ಜಾಬ್‌ವರ್ಕ್‌ಗೆ ಹೋಗಿ ಬಂದ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರಂ ಐಟಿಸಿ-04, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದು, ಇದೇ 25 ಅಕ್ಟೋಬರ್ ಒಳಗೆ ಹಾಕಬೇಕು. ದಾಟದಿದ್ದರೆ ವರ್ಷಕ್ಕೊಂದೇ ಸಲ, 25 ಏಪ್ರಿಲ್ ಒಳಗೆ. ಈ ಸಲ ನಡುವೆ ದೀಪಾವಳಿ ಬೇರೆ ಬಂದಿದೆ. ಬೋನಸ್, ಜನರ ರಜೆ, ಗಿರಾಕಿಗಳ ಡಿಸ್ಪ್ಯಾಚ್ ಎಲ್ಲಾ ಒಟ್ಟಿಗೇ ಬೀಳುತ್ತವೆ. ಆರು ತಿಂಗಳ ಚಲನ್ ಬುಕ್ ಬಿಚ್ಚಿಕೊಂಡು ಕೂರುವ ದಿನಗಳಲ್ಲ ಇವು, ಅಲ್ವಾ?

ಕಿರ್ದಿಯಲ್ಲಿ ಈ ಕೆಲಸ ಹೀಗೆ ಆಗುತ್ತದೆ. ಟೆಂಪೋ ಗೇಟಿನಲ್ಲಿ ನಿಂತಿರುವಾಗಲೇ ನಿಮ್ಮ ಹುಡುಗ ಫೋನಿನಲ್ಲಿ ಚಲನ್ ಮಾಡುತ್ತಾನೆ. ಐಟಂ, ಪೀಸ್, ತೂಕ, ಯಾರ ಹತ್ತಿರ, ಯಾವ ಕೆಲಸಕ್ಕೆ. ಪ್ರಿಂಟ್ ಬೇಕಾದರೆ ಪ್ರಿಂಟ್, ಇಲ್ಲದಿದ್ದರೆ ಡ್ರೈವರ್ ಫೋನಿಗೇ ಹೋಗುತ್ತದೆ. ಮಾಲು ಕಂತಿನಲ್ಲಿ ವಾಪಸ್ ಬಂದಾಗ ಅದೇ ಚಲನ್ ತೆಗೆದು ಬಂದಷ್ಟು ಬರೆಯುತ್ತಾನೆ. ರಿಜೆಕ್ಷನ್‌ಗೆ ಬೇರೆ ಕಾಲಂ ಇದೆ, ಪೆನ್ಸಿಲ್ ಬೇಡ. ಸ್ಕೂಟರ್ ಮೇಲೆ ತಂದ ಮೂವತ್ತು ಪೀಸನ್ನೂ ಅಲ್ಲೇ ಹಾಕಬಹುದು, ಯಾರು ತಂದರು ಅನ್ನುವ ಹೆಸರಿನ ಸಮೇತ. ಬೆಳಿಗ್ಗೆ ನೀವು ಚಹಾ ಕುಡಿಯುತ್ತಾ ಒಂದೇ ಪುಟ ನೋಡಿದರೆ ಸಾಕು: ಯಾರ ಹತ್ತಿರ ನಿಮ್ಮ ಎಷ್ಟು ಮಾಲಿದೆ, ಎಷ್ಟು ದಿನದಿಂದ ಇದೆ. 300 ದಿನ ದಾಟಿದ ಸಾಲು ಕೆಂಪಾಗುತ್ತದೆ. ವರ್ಷ ತುಂಬಲು ಆಗ ಇನ್ನೂ ಎರಡು ತಿಂಗಳು ಕೈಯಲ್ಲಿರುತ್ತದೆ.

ಪ್ಲೇಟಿಂಗ್‌ನವರ ಬಿಲ್ ಬಂದಾಗ, ನಿಜವಾಗಿ ವಾಪಸ್ ಬಂದ ಪೀಸಿಗೆ ಹೋಲಿಸಿ ಅದು ತೋರಿಸುತ್ತದೆ. 600ಕ್ಕೆ ಬಿಲ್, ಬಂದದ್ದು 552 ಅಂದರೆ ಪೇಮೆಂಟ್ ಅಲ್ಲೇ ನಿಲ್ಲುತ್ತದೆ. ನನಗೆ ಅವತ್ತು ಬೇಕಿದ್ದದ್ದು ಇಷ್ಟೇ. ಐಟಿಸಿ-04ಕ್ಕೆ ಬೇಕಾದ ಫೈಲ್ ಇದೇ ಚಲನ್‌ಗಳಿಂದ ತಯಾರಾಗುತ್ತದೆ. ಸಿಎಗೆ ಹಾಗೇ ಕಳಿಸಬಹುದು.

ಇನ್ನೊಂದು ಮಾತು, ಬೆಳಗಾವಿ ಕಡೆ ಕೆಲಸ ಮಾಡಿಸುತ್ತಿದ್ದರೆ. ರಾಜ್ಯ ದಾಟಿ ಜಾಬ್‌ವರ್ಕ್‌ಗೆ ಹೋಗುವ ಮಾಲಿಗೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಇ-ವೇ ಬಿಲ್ ಬೇಕು. 50,000ದ ಒಳಗಿದೆ, ನಡೆಯುತ್ತದೆ ಅಂದುಕೊಂಡು ಕಳಿಸುವವರು ಜಾಸ್ತಿ. ಚಲನ್‌ನಲ್ಲಿ ಕರ್ನಾಟಕದ ವಿಳಾಸ ಹಾಕಿದ ಕೂಡಲೇ ಕಿರ್ದಿ ಇ-ವೇ ಬಿಲ್ ಕೇಳುತ್ತದೆ.

ಪೇಮೆಂಟ್ ದಿನಗಳ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. ನಿಮ್ಮ ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್‌ನವರು ಉದ್ಯಮ್ ನೋಂದಣಿ ಇರುವ ಸಣ್ಣವರಾಗಿದ್ದರೆ, ಲಿಖಿತ ಒಪ್ಪಂದ ಇಲ್ಲದಾಗ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಆ ದಿನಗಳು ಮೀರಿ, ಹಣ ಕೊಡುವಷ್ಟರಲ್ಲಿ 31 ಮಾರ್ಚ್ ಕೂಡ ದಾಟಿದರೆ, ಆ ಖರ್ಚು ಆ ವರ್ಷದ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಕೊಟ್ಟ ವರ್ಷದಲ್ಲೇ ಕಳೆಯಬೇಕು. 2023-24ರ ಲೆಕ್ಕದಿಂದ ಇದು ಜಾರಿಯಲ್ಲಿದೆ. ಯಾರಿಗೆ ಎಷ್ಟನೇ ದಿನ ಅಂತ ಕಿರ್ದಿ ಎಣಿಸಿ ತೋರಿಸುತ್ತದೆ. ಇದೇ ನಿಯಮ ನಿಮ್ಮ ಪರವಾಗಿಯೂ ಇದೆ ಸರ್. ನೀವೂ ಸಣ್ಣ ಉದ್ದಿಮೆಯಾಗಿ ನೋಂದಾಯಿಸಿದ್ದರೆ, ನಿಮ್ಮ ದೊಡ್ಡ ಗಿರಾಕಿಗಳಿಗೂ ಇದೇ ದಿನಗಳು ಅನ್ವಯಿಸುತ್ತವೆ. ಬಿಲ್ಲಿನ ಮೇಲೆ ನಿಮ್ಮ ಉದ್ಯಮ್ ನಂಬರ್ ಇದೆಯಾ ಅಂತ ಒಂದು ಸಲ ನೋಡಿ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಒಂದು ರಬ್ಬರ್ ಸ್ಟ್ಯಾಂಪ್ ಸಾಕು.

ಈಗ ನೀವು ಟ್ಯಾಲಿ ಬಳಸುತ್ತಿದ್ದರೆ ಬಿಡಬೇಕಿಲ್ಲ. ಚಲನ್ ಮತ್ತು ಜಾಬ್‌ವರ್ಕ್ ಕಿರ್ದಿಯಲ್ಲಿ ಇಟ್ಟುಕೊಂಡು, ಬಿಲ್ ಎಂಟ್ರಿಗಳನ್ನು ಟ್ಯಾಲಿಗೆ ಕಳಿಸಬಹುದು. ಪೂರ್ತಿ ಲೆಕ್ಕ ಇದರಲ್ಲೇ ಬರೆಯುವವರೂ ಇದ್ದಾರೆ, ಆದರೆ ಅದು ನಿಮ್ಮ ಇಷ್ಟ. ನನ್ನ ಅಭಿಪ್ರಾಯ ಕೇಳಿದರೆ, ವರ್ಷದ ನಡುವೆ ಬದಲಿಸಬೇಡಿ. ಏಪ್ರಿಲ್‌ವರೆಗೆ ಕಾಯಿರಿ.

ಬೆಲೆ ವರ್ಷಕ್ಕೆ 14,400 ರೂಪಾಯಿ, ಜಿಎಸ್‌ಟಿ ಸೇರಿ 16,992. ಮೂರು ಜನ ಬಳಸಬಹುದು: ನೀವು, ಲೆಕ್ಕ ಬರೆಯುವವರು, ಗೇಟಿನ ಹುಡುಗ. ಮೊದಲ 45 ದಿನ ದುಡ್ಡು ಬೇಡ, ಕಾರ್ಡ್ ನಂಬರೂ ಬೇಡ. ಬೇಡ ಅನ್ನಿಸಿದರೆ ನಿಮ್ಮ ಡೇಟಾ ಎಲ್ಲಾ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಿ, ಅದು ನಿಮ್ಮದೇ. ಪರದೆ ಮರಾಠಿ, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಬರುತ್ತದೆ. ಗೇಟಿನ ಹುಡುಗ ಮರಾಠಿಯಲ್ಲಿ ನೋಡಲಿ, ನೀವು ಕನ್ನಡದಲ್ಲಿ ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಿಂಗಳಿಗೆ ಹತ್ತು ಹದಿನೈದು ಚಲನ್ ಮಾತ್ರ ಹೋಗುತ್ತಿದ್ದರೆ ನಿಮಗೆ ಇದು ಬೇಕಾಗಿಲ್ಲ. ಒಂದು ಒಳ್ಳೆಯ ರಿಜಿಸ್ಟರ್ ಸಾಕು. ಯಾವ ಕಾಲಂ ಇರಬೇಕು ಅಂತ ಕೇಳಿದರೆ ಬರೆದು ಕಳಿಸುತ್ತೇನೆ, ಹಣ ಬೇಡ. ಐವತ್ತು ಅರವತ್ತು ದಾಟಿದರೆ ಮಾತ್ರ ರಿಜಿಸ್ಟರ್ ಕೈ ಮೀರುತ್ತದೆ.

ನಾನು ಕೇಳುವುದು ನಿಮ್ಮ ಒಂದು ಗಂಟೆ. ಗುರುವಾರ ನಿಮಗೆ ರಜೆ ಇರಬಹುದು, ಹಾಗಾಗಿ ಶುಕ್ರವಾರ 10ನೇ ತಾರೀಖು ಅಥವಾ ಸೋಮವಾರ 13ನೇ ತಾರೀಖು ಮಧ್ಯಾಹ್ನ ಊಟ ಆದ ಮೇಲೆ ನಿಮ್ಮಲ್ಲಿಗೇ ಬರುತ್ತೇನೆ. ಡೆಮೊ ಫೈಲ್ ತರುವುದಿಲ್ಲ. ನಿಮ್ಮ ಸೆಪ್ಟೆಂಬರ್ ತಿಂಗಳ ಚಲನ್ ಬುಕ್ ಕೊಡಿ, ಒಬ್ಬರೇ ಒಬ್ಬ ಜಾಬ್‌ವರ್ಕರ್ ಆರಿಸಿ. ಅವರ ಚಲನ್‌ಗಳನ್ನು ನಿಮ್ಮ ಮುಂದೆಯೇ ಹಾಕಿ, ಅವರ ಹತ್ತಿರ ನಿಮ್ಮ ಎಷ್ಟು ಪೀಸ್ ಬಾಕಿ ಇದೆ ಅಂತ ತೋರಿಸುತ್ತೇನೆ. ನಿಮ್ಮ ಅಂದಾಜಿಗೆ ಅದು ತಾಳೆಯಾದರೆ ನಿಮಗೆ ನಮ್ಮ ಅಗತ್ಯ ಇಲ್ಲ. ಆ ಲೆಕ್ಕದ ಹಾಳೆಯನ್ನು ನಿಮಗೇ ಬಿಟ್ಟು ಬರುತ್ತೇನೆ, ಸಾಫ್ಟ್‌ವೇರ್ ತಗೊಂಡರೂ ಸರಿ, ಬಿಟ್ಟರೂ ಸರಿ.

ಈ ಮೇಲ್‌ಗೆ 'ಶುಕ್ರವಾರ' ಅಥವಾ 'ಸೋಮವಾರ' ಅಂತ ಒಂದೇ ಪದ ಬರೆದರೆ ಸಾಕು. ಬೇಡವಾದರೆ 'ಬೇಡ' ಅಂತ ಬರೆಯಿರಿ, ಮತ್ತೆ ತೊಂದರೆ ಕೊಡುವುದಿಲ್ಲ.

ನಿಮ್ಮ
ಮಂಜುನಾಥ
ಕಿರ್ದಿ ಸಾಫ್ಟ್‌ವೇರ್, ಪಿಂಪ್ರಿ, ಪುಣೆ

ಮರೆತಿದ್ದೆ: ನಾನು ಬರುವ ದಿನ ನಿಮ್ಮ ಲೆಕ್ಕ ಬರೆಯುವವರನ್ನೂ ಜೊತೆಗೆ ಕೂರಿಸಿಕೊಳ್ಳಿ ಸರ್. ಇದು ಬಂದರೆ ತಮ್ಮ ಕೆಲಸ ಹೋಗುತ್ತದೆ ಅಂತ ಅವರಿಗೆ ಅನ್ನಿಸಬಾರದು. ಆ ಕುರ್ಚಿಯಲ್ಲಿ ಕೂತವನು ನಾನು. ಅವರ ಪ್ರಶ್ನೆಗಳಿಗೆ ಮೊದಲು ಉತ್ತರ ಕೊಟ್ಟು, ಆಮೇಲೆ ನಿಮ್ಮ ಹತ್ತಿರ ಮಾತಾಡುತ್ತೇನೆ.