ಕೆಲಸ ಶುರುವಾಗುವುದು ತಡ: ಸಿ.ಎ.ಆರ್. ಪಾಲಿಸಿ ಬಗ್ಗೆ ತಿಳಿವಳಿಕೆ ಪತ್ರ

ಯಾದಗಿರಿ, 12 ಜನವರಿ 2026

ಶಾಖಾ ವ್ಯವಸ್ಥಾಪಕರಿಗೆ,

ಮಾನ್ಯರೇ,

ಭೀಮಾ ನದಿ ದಡದ ಜಾಕ್‌ವೆಲ್ ಮತ್ತು ಪಂಪ್‌ಹೌಸ್ ಕೆಲಸಕ್ಕೆ ನಿಮ್ಮಲ್ಲಿ ಗುತ್ತಿಗೆದಾರರ ಆಲ್ ರಿಸ್ಕ್ ಪಾಲಿಸಿ ಮಾಡಿಸಿದ್ದೇನೆ. ಮೊತ್ತ 3.40 ಕೋಟಿ ರೂಪಾಯಿ. ಅವಧಿ 1 ಡಿಸೆಂಬರ್ 2025ರಿಂದ 30 ನವೆಂಬರ್ 2026. ಆದರೆ ಜಾಗ ಇನ್ನೂ ನಮ್ಮ ಕೈಗೆ ಬಂದಿಲ್ಲ. ಕೆಲಸ ಕೊಟ್ಟವರು ಈಗ ಮಾರ್ಚ್ 2ಕ್ಕೆ ಕೊಡುವುದಾಗಿ ಬರೆದುಕೊಟ್ಟಿದ್ದಾರೆ, ಪ್ರತಿ ಲಗತ್ತಿಸಿದ್ದೇನೆ.

ಕೆಲಸಕ್ಕೆ 12 ತಿಂಗಳು ಬೇಕೇ ಬೇಕು. ಪಾಲಿಸಿ ನವೆಂಬರ್‌ನಲ್ಲೇ ಮುಗಿದರೆ ಕೊನೆಯ ಮೂರು ತಿಂಗಳು ರಕ್ಷಣೆಯೇ ಇರುವುದಿಲ್ಲ, ಅಲ್ವಾ? ಆದ್ದರಿಂದ 1 ಮಾರ್ಚ್ 2027ರವರೆಗೆ ವಿಸ್ತರಿಸಿ, ಹೆಚ್ಚುವರಿ ಪ್ರೀಮಿಯಂ ಎಷ್ಟೆಂದು ತಿಳಿಸಿ. ಕಟ್ಟಲು ಸಿದ್ಧನಿದ್ದೇನೆ.

ಒಂದು ಮಾತು ಮುಚ್ಚಿಡಬಾರದು. ಮೊದಲಿನ ಲೆಕ್ಕದಲ್ಲಿ ಬುನಾದಿ ಮಳೆಗಾಲಕ್ಕೆ ಮುಂಚೆ ಮುಗಿಯುತ್ತಿತ್ತು. ಈಗ ಜೂನ್, ಜುಲೈನಲ್ಲೂ ಗುಂಡಿ ತೆರೆದೇ ಇರುತ್ತದೆ. ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಪ್ರವಾಹದ ಅಪಾಯ ಜಾಸ್ತಿಯಾಗಿದೆ. ಷರತ್ತು ಬದಲಾಗುವುದಿದ್ದರೆ ಈಗಲೇ ಹೇಳಿ, ಕ್ಲೇಮಿನ ಹೊತ್ತಿಗೆ ಬೇಡ.

ಡಿಸೆಂಬರ್ 10ರಂದು 18 ಟನ್ ಕಬ್ಬಿಣ ಪಕ್ಕದ ಬಾಡಿಗೆ ಶೆಡ್ಡಿನಲ್ಲಿ ಇಳಿಸಿದ್ದೇವೆ. ಅದು ಸೈಟಿನ ಹೊರಗಿದೆ. ಅದಕ್ಕೂ ರಕ್ಷಣೆ ಇದೆಯೇ ಎಂದು ದಯವಿಟ್ಟು ಬರಹದಲ್ಲಿ ಖಚಿತಪಡಿಸಿ.

ಇಂತಿ ನಿಮ್ಮ,
ಪಾಲಿಸಿದಾರ ಗುತ್ತಿಗೆದಾರ