ರಾತ್ರಿ 11:10ರ ವಾಟ್ಸಾಪ್, ತಿದ್ದಿದ ಮೇಲೆ

ಮೇಡಂ,

ನೀವೂ ನಿಮ್ಮ ಟೀಮಿನ ಒಬ್ಬರೂ ಒಪ್ಪಿ ಎಚ್‌ಆರ್‌ನಲ್ಲಿರುವ ನನಗೆ ಕಳಿಸಿದ ಚಾಟ್ ಓದಿದೆ. ಇಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಆದರೆ ಹೀಗೇ ಬಿಟ್ಟರೆ ಅಪ್ರೈಸಲ್ ಹೊತ್ತಿಗೆ ಇದೇ ಮಾತು ಇಬ್ಬರಿಗೂ ತೊಡಕಾಗುತ್ತದೆ. ಮೂಲವನ್ನು ಹಾಗೇ ಇಟ್ಟು, ಕೆಳಗೆ ತಿದ್ದಿದ್ದನ್ನು ಬರೆದಿದ್ದೇನೆ.

ಅವರು ಬರೆದದ್ದು

"ಮೇಡಂ ಸಾರಿ, ಇವತ್ತೂ ಲೇಟ್ ಆಯ್ತು. ಅಮ್ಮ ರಾತ್ರಿಯೆಲ್ಲ ಮಲಗಲ್ಲ, ಬಾಗಿಲು ತೆಗೆದು ಹೊರಟುಬಿಡ್ತಾರೆ. ನಂಗೆ ತಲೇನೇ ಓಡ್ತಿಲ್ಲ. ಕೆಲಸ ಬಿಟ್ಬಿಡ್ಲಾ ಅನ್ಸುತ್ತೆ."

ತಿದ್ದಿದ್ದು

"ಮೇಡಂ, ನನ್ನ ತಾಯಿಗೆ ಮರೆವಿನ ಕಾಯಿಲೆ. ಒಂದು ತಿಂಗಳಿಂದ ರಾತ್ರಿ ಅವರ ಜೊತೆ ಎಚ್ಚರವಿರಬೇಕಾಗಿದೆ. ಈ ವಾರ ಮೂರು ದಿನ ತಡವಾಗಿ ಬಂದೆ, ತಿಂಗಳ ವರದಿಯಲ್ಲೂ ತಪ್ಪಾಗಿದೆ. ಆರು ವಾರ 9ರ ಬದಲು 11ಕ್ಕೆ ಕೆಲಸ ಶುರು ಮಾಡಲು ಅವಕಾಶ ಸಿಗಬಹುದೇ? ನಾಳೆ ಹದಿನೈದು ನಿಮಿಷ ಮಾತಾಡಲು ಸಮಯ ಕೊಡಿ."

ಕೆಲಸ ಬಿಡುವ ಮಾತನ್ನು ಬೇಕೆಂದೇ ತೆಗೆದೆ. ನಿದ್ದೆಗೆಟ್ಟವರ ನಿಟ್ಟುಸಿರು ರಾಜೀನಾಮೆ ಅಲ್ಲ. ಕಾಯಿಲೆಯ ಹೆಸರು ಇರಬೇಕೋ ಬೇಡವೋ ಅವರಿಗೇ ಬಿಟ್ಟದ್ದು. ಆ ಸಾಲು ಅಳಿಸಿದರೂ ಕೋರಿಕೆ ನಿಲ್ಲುತ್ತದೆ.

ನೀವು ಬರೆದದ್ದು

"ಅಯ್ಯೋ ಪಾಪ! ನಾನು ನಿನ್ನ ಅಕ್ಕ ಇದ್ದ ಹಾಗೆ ಕಣೋ, ಎಷ್ಟೊತ್ತಿಗೆ ಬೇಕಾದ್ರೂ ಫೋನ್ ಮಾಡು. ಆಫೀಸಿಂದು ತಲೆ ಕೆಡಿಸ್ಕೋಬೇಡ, ನಾನ್ ನೋಡ್ಕೋತೀನಿ. ಎಚ್‌ಆರ್‌ಗೆಲ್ಲ ಹೇಳೋದ್ ಬೇಡ, ನಮ್ಮಲ್ಲೇ ಇರ್ಲಿ. ನಮ್ಮತ್ತೆಗೂ ಹಿಂಗೇ ಆಗಿತ್ತು, ಕೇರ್ ಹೋಮ್‌ಗೆ ಸೇರಿಸಿದ್ವಿ, ನೀನೂ ಸೇರಿಸ್ಬಿಡು. ಹಾಂ, ಶುಕ್ರವಾರದ ರಿಪೋರ್ಟ್ ಮರೀಬೇಡ."

(ನನಗೆ ಹೇಳುವುದು ಬೇಡ ಅಂದದ್ದನ್ನು ನಾನೇ ತಿದ್ದುತ್ತಿದ್ದೇನೆ, ಇರಲಿ.)

ಇಲ್ಲಿ ಅಪಾಯ ಇರುವುದು "ನಾನ್ ನೋಡ್ಕೋತೀನಿ"ಯಲ್ಲಿ. ನೀವು ಧೈರ್ಯ ಹೇಳಿದಿರಿ. ಅವರಿಗೆ ಕೇಳಿಸಿದ್ದು ಹಾಜರಿ, ವರದಿ, ರೇಟಿಂಗ್ ಎಲ್ಲಕ್ಕೂ ವಿನಾಯಿತಿ ಅಂತ. ಹಾಜರಿ ನಿಮ್ಮ ಕೈಲಿಲ್ಲ, ಅದು ಸಿಸ್ಟಮ್‌ನಲ್ಲಿ ತಾನಾಗೇ ಬೀಳುತ್ತದೆ. ಗುಟ್ಟಿನ ಮಾತೂ ಹಾಗೇ: ಸಮಯ ಬದಲಾಯಿಸಬೇಕಾದರೆ ಎಚ್‌ಆರ್‌ಗೆ ತಿಳಿಸಲೇಬೇಕು. ಇನ್ನು ಅತ್ತೆಯವರ ಸಂಗತಿ ನಿಮ್ಮ ಮನೆಯದು. ಅವರು ನಿಮ್ಮನ್ನು ದಾರಿ ಕೇಳಿರಲಿಲ್ಲ.

ತಿದ್ದಿದ್ದು

"ಹೇಳಿದ್ದು ಒಳ್ಳೆಯದಾಯಿತು. ರಾತ್ರಿ ನಿದ್ದೆಯಿಲ್ಲದೆ ಹಗಲು ಕೆಲಸ ಮಾಡುವುದು ಕಷ್ಟ, ಅರ್ಥವಾಗುತ್ತದೆ. ನಾಳೆ 12ಕ್ಕೆ ಮಾತಾಡೋಣ. ಮನೆಯ ವಿಷಯ ಎಷ್ಟು ಹೇಳಬೇಕು ಅನ್ನುವುದು ನಿಮ್ಮ ಇಷ್ಟ, ನಾನು ಕೆದಕುವುದಿಲ್ಲ.

ಶುಕ್ರವಾರದ ವರದಿಯನ್ನು ಈ ಸಲ ಬೇರೆಯವರಿಗೆ ಕೊಡುತ್ತೇನೆ. ಸಮಯ ಬದಲಾವಣೆಗೆ ನನ್ನ ಒಪ್ಪಿಗೆ ಇದೆ, ಆದರೆ ಅಂತಿಮ ಅನುಮತಿ ಎಚ್‌ಆರ್‌ನದು. 'ಕುಟುಂಬದ ಆರೈಕೆ' ಎಂದಷ್ಟೇ ಅವರಿಗೆ ಬರೆಯಲೇ? ನೀವು ಹೂಂ ಅಂದ ಮೇಲೇ ಕಳಿಸುತ್ತೇನೆ. ಬೇರೆ ಯಾರಿಗೂ ಹೇಳುವುದಿಲ್ಲ. ರಜೆಯ ನಿಯಮಗಳನ್ನೂ ಆಪ್ತಸಮಾಲೋಚನೆ ಸಿಗುತ್ತದೆಯೇ ಎಂಬುದನ್ನೂ ಅವರೇ ಸರಿಯಾಗಿ ಹೇಳಬಲ್ಲರು.

ಕೆಲಸದ ವಿಷಯಕ್ಕೆ ಸಂಜೆ 7ರವರೆಗೆ ಸಿಗುತ್ತೇನೆ. ಬೆಳಿಗ್ಗೆ ಬರಲಾಗದಿದ್ದರೆ 8ರೊಳಗೆ ಒಂದು ಸಾಲು ಹಾಕಿ ಸಾಕು, ಕಾರಣ ಬೇಡ."

'ನೀನು' ಹೋಗಿ 'ನೀವು' ಬಂದದ್ದು ಗಮನಿಸಿರುತ್ತೀರಿ. ಏಕವಚನದಲ್ಲಿ ಸಲುಗೆ ಇದೆ ನಿಜ, ಆದರೆ ತಪ್ಪು ಎತ್ತಿ ತೋರಿಸಬೇಕಾದ ದಿನ ಅದೇ ಗದರಿಕೆಯಂತೆ ಕೇಳಿಸುತ್ತದೆ.

ಗ್ರೂಪಿಗೆ ಹಾಕಿದ್ದು

"ಪಾಪ ಅವರಮ್ಮಂಗೆ ಹುಷಾರಿಲ್ಲ, ಎಲ್ರೂ ಅಡ್ಜಸ್ಟ್ ಮಾಡ್ಕೊಳ್ಳಿ."

ತಿದ್ದಿದ್ದು

"ಮುಂದಿನ ಆರು ವಾರ ಇವರು 11ರಿಂದ ಲಭ್ಯ. ಅದಕ್ಕೂ ಮುಂಚಿನ ಕೆಲಸಕ್ಕೆ ನನ್ನನ್ನು ಕೇಳಿ."

ಮೂರು ವಾರದ ಮೇಲೆ, ನೀವು ಬರೆದದ್ದು

"ಮತ್ತೆ ಅದೇ ಮಿಸ್ಟೇಕಾ? ಎಷ್ಟು ಅಂತ ಅಡ್ಜಸ್ಟ್ ಮಾಡ್ಲೋ? ಎಲ್ರ ಮನೇಲೂ ಕಷ್ಟ ಇರುತ್ತೆ."

ತಿದ್ದಿದ್ದು

"ಈ ತಿಂಗಳ ವರದಿಯಲ್ಲಿ ಎರಡು ಮೊತ್ತ ಮತ್ತೆ ತಾಳೆಯಾಗಿಲ್ಲ. ಮನೆಯ ಪರಿಸ್ಥಿತಿ ಗೊತ್ತು, ಸಮಯದ ಏರ್ಪಾಡು ಹಾಗೇ ಇರುತ್ತದೆ. ವರದಿ ಮಾತ್ರ ಸರಿ ಇರಲೇಬೇಕು. ಮುಂದಿನ ತಿಂಗಳಿಂದ ಕಳಿಸುವ ಮುಂಚೆ ಇನ್ನೊಬ್ಬರು ಒಮ್ಮೆ ನೋಡಲಿ. ಈ ಏರ್ಪಾಡು ಸಾಕಾಗುತ್ತಿಲ್ಲ ಅನ್ನಿಸಿದರೆ ಹೇಳಿ, ರಜೆಯ ಬಗ್ಗೆ ಎಚ್‌ಆರ್ ಜೊತೆ ಕೂತು ಮಾತಾಡೋಣ."

ಈ ಕೊನೆಯದನ್ನು ಮಾತ್ರ ಮೊದಲು ಮೆಸೇಜ್ ಮಾಡಬೇಡಿ. ಅವರು 11ಕ್ಕೆ ಬಂದು ಕೂತ ಮೇಲೆ ಒಳಗೆ ಕರೆದು, ಬಾಗಿಲು ಹಾಕಿಕೊಂಡು ಹೇಳಿ. ಮೇಲ್ ಆಮೇಲೆ ಹೋಗಲಿ.